ಉಪವಾಸದ ಹಗಲಿನಲ್ಲಿ ಯಕೃತ್ತಿನ ಸಕ್ಕರೆ ಉಗ್ರಾಣ

ನಮ್ಮ ಇಡೀ ರಕ್ತದಲ್ಲಿರುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಚಮಚದಷ್ಟು. ಮೆದುಳೊಂದಕ್ಕೇ ಗಂಟೆಗೆ ಸುಮಾರು ಅಷ್ಟೇ ಗ್ಲೂಕೋಸ್ ಬೇಕು. ಹಾಗಿದ್ದರೆ ಸಹ್ರಿಯಿಂದ ಇಫ್ತಾರ್‌ವರೆಗೆ ಶರೀರ ನಡೆಯುವುದು ಹೇಗೆ? ಯಕೃತ್ತಿನ (ಲಿವರ್) ಉಗ್ರಾಣದಿಂದ. ಅಲ್ಲಿ ಸುಮಾರು 100 ಗ್ರಾಂನಷ್ಟು ಗ್ಲೂಕೋಸ್ ಸರಪಳಿಯಾಗಿ ಹೆಣೆದುಕೊಂಡು ಗ್ಲೈಕೋಜನ್ ರೂಪದಲ್ಲಿರುತ್ತದೆ.

ಈ ಉಗ್ರಾಣದಲ್ಲಿ ಎರಡು ಕಿಣ್ವಗಳು ಕೆಲಸ ಮಾಡುತ್ತವೆ. ಸಿಂಥೇಸ್ ಗ್ಲೂಕೋಸನ್ನು ಸರಪಳಿಗೆ ಸೇರಿಸುತ್ತದೆ. ಫಾಸ್ಫಾರಿಲೇಸ್ ಅದನ್ನು ಬಿಡಿಸುತ್ತದೆ. ಎರಡೂ ಒಟ್ಟಿಗೆ ನಡೆದರೆ ಶ್ರಮವೆಲ್ಲ ವ್ಯರ್ಥ. ಅದಕ್ಕೆ ಇರುವ ಉಪಾಯ ಸರಳ: ಫಾಸ್ಫೇಟ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿದರೆ ಫಾಸ್ಫಾರಿಲೇಸ್ ಎಚ್ಚರಗೊಳ್ಳುತ್ತದೆ, ಸಿಂಥೇಸ್ ನಿದ್ರಿಸುತ್ತದೆ. ಫಾಸ್ಫೇಟ್ ಕಳಚಿದರೆ ಎಲ್ಲವೂ ತಿರುವುಮುರುವು.

ಮಧ್ಯಾಹ್ನದ ಹೊತ್ತಿಗೆ ಸಕ್ಕರೆ ಇಳಿಯತೊಡಗಿದಾಗ ಮೇದೋಜೀರಕ ಗ್ರಂಥಿ ಗ್ಲುಕಗಾನ್ ಹಾರ್ಮೋನನ್ನು ಹೆಚ್ಚು ಸ್ರವಿಸುತ್ತದೆ. ಅದು ಯಕೃತ್ತಿನ ಜೀವಕೋಶದ ಹೊರಗೋಡೆಗೆ ತಾಗುತ್ತದೆ. ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಹುಟ್ಟುತ್ತದೆ. ಅದು ಪ್ರೋಟೀನ್ ಕೈನೇಸ್-ಎ ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಅದು ಇನ್ನೊಂದು ಕೈನೇಸನ್ನು, ಆ ಕೈನೇಸ್ ಫಾಸ್ಫಾರಿಲೇಸನ್ನು. ಒಂದೊಂದು ಕಿಣ್ವವೂ ಮುಂದಿನ ಹಲವಾರನ್ನು ಎಬ್ಬಿಸುವುದರಿಂದ ಅತ್ಯಲ್ಪ ಹಾರ್ಮೋನಿಗೂ ಉಗ್ರಾಣದ ಬಾಗಿಲು ತೆರೆಯುತ್ತದೆ. ಇಫ್ತಾರ್ ಬಳಿಕ ಇನ್ಸುಲಿನ್ ಏರಿದಾಗ ಫಾಸ್ಫಟೇಸ್ ಕಿಣ್ವ ಚುರುಕಾಗಿ ಆ ಫಾಸ್ಫೇಟ್‌ಗಳನ್ನು ಕಳಚುತ್ತದೆ. ಉಗ್ರಾಣ ಮತ್ತೆ ತುಂಬತೊಡಗುತ್ತದೆ.

ಈಗ ಗ್ಲಿಬೆನ್‌ಕ್ಲಮೈಡ್ ಮಾತ್ರೆ ಸೇವಿಸುವ ಸಕ್ಕರೆ ಕಾಯಿಲೆಯ ಒಬ್ಬರನ್ನು ಊಹಿಸಿಕೊಳ್ಳಿ. ವೈದ್ಯರನ್ನು ಕೇಳದೆ ಎಂದಿನ ಬೆಳಗಿನ ಮಾತ್ರೆಯನ್ನು ಅವರು ಸಹ್ರಿಯಲ್ಲಿ ನುಂಗಿದ್ದಾರೆ. ಈ ಮಾತ್ರೆ ರಕ್ತದಲ್ಲಿ ಸಕ್ಕರೆ ಕಡಿಮೆಯಿದ್ದರೂ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಸಂಜೆ ನಾಲ್ಕಕ್ಕೆ ಉಗ್ರಾಣದಲ್ಲಿ ಗ್ಲೈಕೋಜನ್ ಇನ್ನೂ ಉಳಿದಿರಬಹುದು. ಆದರೆ ಇನ್ಸುಲಿನ್ ಫಾಸ್ಫೇಟ್‌ಗಳನ್ನು ಕಳಚುತ್ತಿರುವುದರಿಂದ ಬಾಗಿಲು ಸಾಕಷ್ಟು ತೆರೆಯದು. ಬೆವರು, ಕೈನಡುಕ, ಎದೆಬಡಿತ, ಕೊನೆಗೆ ಮಾತು ತೊದಲುವುದು, ಗಲಿಬಿಲಿ. ಇದು ಉಪವಾಸದ ಸಹಜ ಆಯಾಸವಲ್ಲ. ಇನ್ಸುಲಿನ್ ಚುಚ್ಚುಮದ್ದಿನ ಪ್ರಮಾಣ ಹೆಚ್ಚಾದರೂ ಹೀಗೆಯೇ ಆಗುತ್ತದೆ.

ಇಂಥ ಲಕ್ಷಣ ಕಂಡರೆ ಕೂಡಲೇ ಬೆರಳು ಚುಚ್ಚಿ ಸಕ್ಕರೆ ಪರೀಕ್ಷಿಸಿ. 70 ಮಿ.ಗ್ರಾಂಗಿಂತ ಕಡಿಮೆಯಿದ್ದರೆ ಇಫ್ತಾರ್‌ಗೆ ಹತ್ತೇ ನಿಮಿಷ ಬಾಕಿಯಿದ್ದರೂ ಉಪವಾಸ ಬಿಡಬೇಕು. ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಮಾತ್ರೆ ಅಥವಾ ಇನ್ಸುಲಿನ್ನಿನ ಪ್ರಮಾಣ ಮತ್ತು ಹೊತ್ತನ್ನು ನೀವಾಗಿಯೇ ಬದಲಿಸಬೇಡಿ, ನಿಲ್ಲಿಸಲೂಬೇಡಿ. ರಮಝಾನ್‌ಗೆ ಒಂದೆರಡು ತಿಂಗಳ ಮೊದಲೇ ವೈದ್ಯರ ಬಳಿ ಕೂತು ನಿರ್ಧರಿಸಿಕೊಳ್ಳಿ.