ಹೆಸರು ಹೇಳಿದರೆ ಆಟ ಬರಬೇಕು: ಮನೆಯಾಟಕ್ಕೆ ಹೆಸರಿಡುವ ಆರು ಸೂತ್ರಗಳು

ಬೇಸಿಗೆ ರಜೆಯಲ್ಲಿ ಹುಣಸೂರಿನ ನಮ್ಮ ಮನೆಗೆ ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಕೆ.ಆರ್. ನಗರಗಳಿಂದ ನೆಂಟರ ಮಕ್ಕಳು ಬರುತ್ತಾರೆ. ಅವರ ಜೊತೆ ಸೇರಿ ನಾವೇ ಒಂದು ಆಟ ಕಟ್ಟಿದೆವು. ಆಟ ಕಟ್ಟಲು ಒಂದು ಮಧ್ಯಾಹ್ನ ಸಾಕಾಯಿತು, ಹೆಸರು ಕೂಡಿಸಲು ವಾರ ಹಿಡಿಯಿತು. ಆ ವಾರ ಕಲಿತದ್ದು ಇಷ್ಟು.

1. ಮೊದಲು ಚೌಕಾಬಾರದ ಮಾತುಗಳನ್ನು ಕಿವಿಗೊಟ್ಟು ಕೇಳಿ

ಐದು ಮನೆ ಉದ್ದ, ಐದು ಮನೆ ಅಗಲದ ಪಟ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ಇಲ್ಲದಿದ್ದರೆ ಒಂದು ಪಕ್ಕ ಉಜ್ಜಿದ ಹುಣಸೆ ಬೀಜ. ಅಜ್ಜಿಯರು ಈ ಆಟದ ನಿಯಮವನ್ನು ಬರೆದಿಟ್ಟವರಲ್ಲ, ಆದರೂ ಐದು ವರ್ಷದ ಮಗು ಕಲಿಯುತ್ತದೆ. ಹೇಗೆ ಅಂದರೆ, ನಿಯಮ ಮಾತಿನೊಳಗೇ ಕೂತಿದೆ. ನಡೆಸುವುದು ‘ಕಾಯಿ’. ಅದು ಸುತ್ತು ಮುಗಿಸಿ ನಡುಮನೆ ಸೇರಿದರೆ ‘ಹಣ್ಣು’. ಕಾಯಿ ಹಣ್ಣಾಗಬೇಕು ಎಂಬುದು ಗೊತ್ತಿರುವ ಮಗುವಿಗೆ ಆಟದ ಗುರಿಯನ್ನು ಬೇರೆ ಹೇಳಬೇಕಿಲ್ಲ. ಹಣ್ಣಾದದ್ದು ಮತ್ತೆ ಕಾಯಾಗುವುದಿಲ್ಲ, ಹಾಗಾಗಿ ಅದನ್ನು ಯಾರೂ ಕಡಿಯುವಂತಿಲ್ಲ ಎಂಬುದೂ ಆ ಒಂದೇ ಮಾತಿನಲ್ಲಿ ಬಂತು. ನಿಮ್ಮ ಆಟದಲ್ಲೂ ಮುಖ್ಯ ಬದಲಾವಣೆ ಯಾವುದು ಎಂದು ಮೊದಲು ಹುಡುಕಿ. ಅದಕ್ಕೆ ಬದುಕಿನಲ್ಲಿ ಈಗಾಗಲೇ ಇರುವ ಜೋಡಿ ಪದ ಸಿಕ್ಕಿದರೆ ಅರ್ಧ ನಿಯಮ ಹೇಳಿ ಮುಗಿಯಿತು.

2. ಆಟದ ಹೆಸರಿಗೆ ಒಂದೇ ಕೆಲಸ ಕೊಡಿ

‘ಚೌಕಾಬಾರ’ ಎಂಬ ಹೆಸರು ಕವಡೆಯ ಲೆಕ್ಕ ಹೇಳುತ್ತದೆ. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು ಮನೆ. ಇವೆರಡು ಬಿದ್ದಾಗ ಇನ್ನೊಮ್ಮೆ ಕವಡೆ ಹಾಕುವ ಅವಕಾಶ. ‘ಆಡು-ಹುಲಿ’ ಎಂಬ ಹೆಸರು ಎರಡು ಪಕ್ಷ ಯಾವುವು, ಬಲ ಸಮ ಇಲ್ಲ ಎಂಬುದನ್ನು ಹೇಳುತ್ತದೆ. ಹೆಸರು ಪಕ್ಷ ಹೇಳಬಹುದು, ಗುರಿ ಹೇಳಬಹುದು, ಮುಖ್ಯ ನಡೆ ಹೇಳಬಹುದು. ಮೂರನ್ನೂ ಹೊರಿಸಿದರೆ ಯಾವುದೂ ನೆನಪಿರುವುದಿಲ್ಲ.

ನಮ್ಮ ಆಟ ನಾಗರಹೊಳೆ ಕಾಡಂಚಿನದು. ಆನೆ ಹೊಲಕ್ಕೆ ಬರುತ್ತದೆ, ಕಾವಲಿನವರು ಅದನ್ನು ಹಿಂದಕ್ಕೆ ಕಳಿಸಬೇಕು. ಮೊದಲು ‘ನಾಗರಹೊಳೆ’ ಎಂದೇ ಹೆಸರಿಟ್ಟೆವು. ಕೇಳಿದವರು ಸಫಾರಿ ಆಟ ಅಂದುಕೊಂಡರು. ‘ಆನೆ ಅಟ್ಟು’ ಎಂದು ಬದಲಿಸಿದ ಮೇಲೆ, ಏನು ಮಾಡಬೇಕು ಎಂದು ಯಾರೂ ಕೇಳಲಿಲ್ಲ.

3. ಹೆಸರು ಮತ್ತು ನಡೆ ಜಗಳವಾಡಿದರೆ ನಡೆಯನ್ನೇ ಬದಲಿಸಿ

ಆಡು-ಹುಲಿಯಲ್ಲಿ ಹುಲಿ ಆಡಿನ ಮೇಲೆ ಹಾರಿ ತಿನ್ನುತ್ತದೆ. ಆಡುಗಳು ಹಾರುವುದಿಲ್ಲ, ಒಟ್ಟಾಗಿ ನಿಂತು ಹುಲಿಗೆ ಜಾಗವಿಲ್ಲದಂತೆ ಕಟ್ಟಿಹಾಕುತ್ತವೆ. ಎರಡೂ ಪ್ರಾಣಿಗಳ ಗುಣಕ್ಕೆ ಒಪ್ಪುವ ನಡೆ. ನಾವು ಅದೇ ನಡೆಯನ್ನು ಆನೆಗೆ ಕೊಟ್ಟೆವು: ಕಾವಲಿನವನ ಮೇಲೆ ಹಾರಿ ಆಚೆ ಹೋಗುವುದು. ಎಚ್.ಡಿ. ಕೋಟೆಯ ಹುಡುಗಿ ತಕ್ಷಣ ತಡೆದಳು: “ದೊಡ್ಡಮ್ಮ, ಆನೆ ಎಲ್ಲಾದ್ರೂ ಹಾರುತ್ತಾ?” ಅವಳು ಪ್ರತಿ ಸರದಿಯಲ್ಲೂ ಹಾರುವುದನ್ನು ಮರೆಯುತ್ತಿದ್ದಳು. ನಿಯಮ ಮರೆತುಹೋಗುತ್ತಿದ್ದರೆ ಆಡುವವರ ತಪ್ಪಲ್ಲ, ಹೆಸರು ಬೇರೆ ನಡೆ ಹೇಳಿಕೊಡುತ್ತಿದೆ ಎಂದರ್ಥ.

ಹಾರುವುದನ್ನು ಬಿಟ್ಟೆವು. ಆನೆ ನೇರವಾಗಿ ಒಂದು ಮನೆ ನಡೆಯುತ್ತದೆ. ಎದುರಿಗೆ ಕಾವಲಿನವನಿದ್ದರೆ ಅವನು ಪಕ್ಕದ ಖಾಲಿ ಮನೆಗೆ ಸರಿಯಬೇಕು. ಅಲ್ಲಿಂದ ಮುಂದೆ ಯಾರೂ ಈ ನಡೆ ಮರೆತಿಲ್ಲ.

4. ಮನೆಯ ಹೆಸರು ಯಾರು ನಿಲ್ಲಬಹುದು ಎಂಬುದನ್ನು ಹೇಳಲಿ

ಚೌಕಾಬಾರದಲ್ಲಿ ಅಡ್ಡಗೀಟು ಹಾಕಿದ ಮನೆಗೆ ‘ಕಟ್ಟೆ’ ಎನ್ನುತ್ತೇವೆ. ಊರಿನ ಅರಳಿಕಟ್ಟೆಯ ಹಾಗೆ ಅದು ಕೂತು ಸುಧಾರಿಸಿಕೊಳ್ಳುವ ಜಾಗ. ಅಲ್ಲಿ ಕೂತ ಕಾಯಿಯನ್ನು ಕಡಿಯುವಂತಿಲ್ಲ.

ನಮ್ಮ ಪಟವೂ ಇಪ್ಪತ್ತೈದು ಮನೆಯದೇ. ಮೇಲಿನ ಎರಡು ಸಾಲು ಕಾಡು, ಕೆಳಗಿನ ಎರಡು ಸಾಲು ಹೊಲ, ನಡುವಿನ ಸಾಲಿನಲ್ಲಿ ಮೂರು ಮನೆ ‘ಕಂದಕ’, ಎರಡು ಮನೆ ತೆರವು. ತೆರವನ್ನು ಮೊದಲು ‘ಗೇಟು’ ಎಂದೆವು. ಗೇಟು ಎಂದರೆ ಮುಚ್ಚುವಂಥದ್ದು, ಮಕ್ಕಳು ಕಾವಲಿನವರನ್ನು ತಂದು ಅಲ್ಲೇ ನಿಲ್ಲಿಸಿದರು, ಆಟ ನಿಂತುಹೋಯಿತು. ‘ಆನೆದಾರಿ’ ಎಂದು ಕರೆದ ಮೇಲೆ ಅದು ಆನೆಯ ಜಾಗ, ಮನುಷ್ಯರು ನಿಲ್ಲಬಾರದು ಎಂದು ಅವರಿಗೇ ಹೊಳೆಯಿತು.

5. ಕ್ರಿಯಾಪದವನ್ನು ಅಳೆದು ಆರಿಸಿ

ಚೌಕಾಬಾರದಲ್ಲಿ ಎದುರಾಳಿಯ ಕಾಯಿಯನ್ನು ‘ಕಡಿ’ಯುತ್ತೇವೆ. ಕಡಿದ ಕಾಯಿ ಮೊದಲಿನಿಂದ ಶುರುಮಾಡಬೇಕು. ನಮ್ಮ ಮಕ್ಕಳು ಅದೇ ಮಾತನ್ನು ಆನೆಗೂ ಬಳಸಿದರು, ‘ಆನೆ ಕಡಿದೆ’ ಎಂದು ಪಟದಿಂದಲೇ ತೆಗೆದಿಟ್ಟರು. ನಿಯಮದಲ್ಲಿ ಆನೆ ಸಾಯುವುದಿಲ್ಲ, ಕಾಡಿಗೆ ಮರಳುತ್ತದೆ. ‘ಅಟ್ಟು’ ಎಂಬ ಪದದಲ್ಲಿ ಎಲ್ಲಿಂದಲೋ ಎಲ್ಲಿಗೋ ಕಳಿಸುವುದು ಇದೆ, ಕೊಲ್ಲುವುದು ಇಲ್ಲ. ಆನೆಯ ಎರಡು ಪಕ್ಕದಲ್ಲೂ ಕಾವಲಿನವರು ಬಂದು ನಿಂತರೆ ಅಟ್ಟಿದಂತೆ. ಆನೆ ಮೇಲಿನ ಸಾಲಿಗೆ ಹೋಗುತ್ತದೆ, ಅಲ್ಲಿಂದ ಮತ್ತೆ ಬರುತ್ತದೆ. ಒಬ್ಬನಾದರೆ ತಾನೇ ಸರಿಯಬೇಕು, ಇಬ್ಬರಾದರೆ ಆನೆಯನ್ನೇ ಸರಿಸಬಹುದು.

6. ನಿಯಮ ಹೇಳದೆ ಹೆಸರು ಮಾತ್ರ ಹೇಳಿ ಪರೀಕ್ಷಿಸಿ

ಆಟ ನೋಡಿರದ ಒಬ್ಬರನ್ನು ಕೂರಿಸಿ. ಪಟ ಹಾಸಿ, ಪ್ರತಿಯೊಂದನ್ನೂ ಮುಟ್ಟಿ ಹೆಸರು ಮಾತ್ರ ಹೇಳಿ. ಇದು ಏನು ಮಾಡೀತು, ಎಲ್ಲಿ ನಿಲ್ಲಬಾರದು ಎಂದು ಅವರಿಂದಲೇ ಹೇಳಿಸಿ. ನಡುವೆ ತಿದ್ದಬೇಡಿ, ತಪ್ಪು ಊಹೆಯನ್ನು ಬರೆದಿಟ್ಟುಕೊಳ್ಳಿ.

ಕೆ.ಆರ್. ನಗರದ ಹುಡುಗ ಭತ್ತದ ಗದ್ದೆ, ನಾಲೆ ನೋಡಿ ಬೆಳೆದವನು. ‘ಕಂದಕ’ ಎಂದಾಗ ನೀರು ಹರಿಯುವ ನಾಲೆ ಎಂದುಕೊಂಡು, ಆನೆ ಈಜಿ ದಾಟುತ್ತದೆ ಎಂದ. ಅವನ ಲೆಕ್ಕ ಸರಿಯೇ, ಆನೆ ಈಜುತ್ತದೆ. ಕಾಡಂಚಿನ ಊರುಗಳಲ್ಲಿ ಜನ ‘ಆನೆ ಕಂದಕ’ ಎಂದು ಎರಡು ಪದ ಸೇರಿಸಿಯೇ ಹೇಳುತ್ತಾರೆ. ನಾವೂ ಹಾಗೇ ಬರೆದು, ಆ ಮನೆಗಳಿಗೆ ಹಚ್ಚಿದ್ದ ನೀಲಿ ಬಣ್ಣ ಅಳಿಸಿ ಕೆಮ್ಮಣ್ಣಿನ ಬಣ್ಣ ಹಚ್ಚಿದೆವು. ಎರಡನೇ ಸಲ ಪಿರಿಯಾಪಟ್ಟಣದ ತಂಗಿ ಮಗಳನ್ನು ಕೇಳಿದಾಗ ಆನೆ ದಾಟುವುದಿಲ್ಲ ಎಂದೇ ಹೇಳಿದಳು. ಒಬ್ಬರ ಮೇಲೆ ಪರೀಕ್ಷಿಸಿ ತಿದ್ದಿದ ಹೆಸರನ್ನು ಅವರ ಮೇಲೇ ಮತ್ತೆ ಪರೀಕ್ಷಿಸಬೇಡಿ, ಅವರಿಗೆ ಆಗಲೇ ಉತ್ತರ ಗೊತ್ತು.

ಹೆಸರಿನಿಂದ ಹೇಳಲಾಗದ್ದು ಒಂದಿದೆ, ಎಣಿಕೆ. ಆನೆ ಎರಡು, ಕಾವಲಿನವರು ಮೂವರು, ಹೊಲದ ಹತ್ತು ಮನೆಯಲ್ಲೂ ಒಂದೊಂದು ಅವರೆಕಾಳು. ಆರು ಕಾಳು ತಿಂದರೆ ಆನೆ ಪಕ್ಷ ಗೆದ್ದಿತು, ಮೂರು ಸಲ ಅಟ್ಟಿದರೆ ಕಾವಲು ಪಕ್ಷ. ಈ ಆರು ಮತ್ತು ಮೂರನ್ನು ಯಾವ ಹೆಸರೂ ನೆನಪಿಸಲಾರದು. ಅದಕ್ಕೆ ಪಟದ ಅಂಚಿನಲ್ಲಿ ಕಾಡಿನ ಕಡೆ ಆರು ಗುಳಿ, ಹೊಲದ ಕಡೆ ಮೂರು ಗುಳಿ ಬರೆದೆವು. ತಿಂದ ಕಾಳು ಆ ಗುಳಿಗೆ, ಅಟ್ಟಿದ್ದಕ್ಕೆ ಒಂದು ಕಲ್ಲು ಈ ಗುಳಿಗೆ. ತನ್ನ ಗುಳಿ ಮೊದಲು ತುಂಬಿದವರು ಗೆದ್ದರು. ಈಗ ಹೊಸಬರು ಬಂದರೆ ಮಕ್ಕಳು ಹೆಸರು ಹೇಳುತ್ತಾ ಕಾಯಿ ಜೋಡಿಸುತ್ತಾರೆ, ಜೋಡಿಸಿ ಮುಗಿಯುವ ಹೊತ್ತಿಗೆ ಆಟ ಹೇಳಿಕೊಟ್ಟಾಗಿರುತ್ತದೆ.