ಗೋದಾಮಿನವರಿಗೆ ವೈಟ್ ಪೇಪರ್: ಶೀರ್ಷಿಕೆಯಲ್ಲೇ ಲೆಕ್ಕ ಕಾಣಲಿ

ಗೋದಾಮಿಗೆ ಸಾಫ್ಟ್‌ವೇರ್ ಮಾರುವ ಕಂಪನಿಗಳ ವೈಟ್ ಪೇಪರ್‌ಗಳು ಹೆಚ್ಚಾಗಿ ‘ಡಿಜಿಟಲ್ ಯುಗದಲ್ಲಿ ಗೋದಾಮು ನಿರ್ವಹಣೆಯ ಹೊಸ ಆಯಾಮಗಳು’ ಎಂಬ ಧಾಟಿಯಲ್ಲಿ ಶುರುವಾಗುತ್ತವೆ. ನೆಲಮಂಗಲದಲ್ಲೋ ಹೊಸಕೋಟೆಯಲ್ಲೋ ಬೆಳಗಿನಿಂದ ಲಾರಿ ಎಣಿಸುತ್ತಾ ನಿಂತ ಮ್ಯಾನೇಜರ್‌ಗೆ ಇದರಲ್ಲಿ ತಮ್ಮದೆನ್ನುವಂಥದ್ದು ಏನೂ ಸಿಗದು. ಒಳಗಿನ ಹತ್ತು ಪುಟ ಎಷ್ಟೇ ಚೆನ್ನಾಗಿರಲಿ, ಅಲ್ಲಿಯವರೆಗೆ ಅವರು ಬರುವುದೇ ಇಲ್ಲ.

ಬರೆಯುವ ಮೊದಲು ಗ್ರಾಹಕರ ಗೋದಾಮೊಂದಕ್ಕೆ ಹೋಗಿ, ವಾಪಸ್ ಬಂದ ಮಾಲಿನ ರಿಜಿಸ್ಟರ್ ಕೇಳಿ ನೋಡಿ. ಡಿಸ್ಪ್ಯಾಚ್ ಸೂಪರ್‌ವೈಸರ್ ಜೊತೆ ಕೂತು, ಯಾವ ತಪ್ಪಿಗೆ ಮೇಲಿನವರಿಂದ ಬೈಸಿಕೊಳ್ಳುತ್ತಾರೆ ಎಂದು ವಿಚಾರಿಸಿ. ಸ್ಟಾಕ್ ವ್ಯತ್ಯಾಸ, ಲಾರಿ ಕಾಯಿಸಿದ್ದಕ್ಕೆ ಹಾಲ್ಟಿಂಗ್ ಚಾರ್ಜು, ತಪ್ಪು ಪಿಕಿಂಗ್ ಎಂದು ಹಲವು ಹೇಳುತ್ತಾರೆ. ಒಂದನ್ನು ಮಾತ್ರ ಆರಿಸಿ. ಮೂರನ್ನೂ ಒಂದೇ ಶೀರ್ಷಿಕೆಗೆ ತುರುಕಿದರೆ ಅದು ಮತ್ತೆ ‘ಹೊಸ ಆಯಾಮಗಳು’ ಆಗುತ್ತದೆ.

ತಪ್ಪು ಪಿಕಿಂಗನ್ನೇ ತೆಗೆದುಕೊಳ್ಳೋಣ. ಹೆಚ್ಚಿನವರು ಎಡವುವುದು ಇಲ್ಲೇ, ಶೇಕಡಾವಾರಿನಲ್ಲಿ. ‘ಪಿಕಿಂಗ್ ನಿಖರತೆಯಲ್ಲಿ ಶೇ 40 ಸುಧಾರಣೆ’ ಎಂದು ಬರೆದುಬಿಡುತ್ತಾರೆ. ಯಾವುದರ ಶೇ 40? ತಪ್ಪು ಶೇ 1ರಿಂದ 0.6ಕ್ಕೆ ಇಳಿದರೂ ಅದು ಶೇ 40 ಇಳಿಕೆಯೇ. ಆದರೆ ನಿಖರತೆ ಏರಿದ್ದು 99ರಿಂದ 99.4ಕ್ಕೆ, ಅಷ್ಟೇ. ದಿನವೂ ಲೆಕ್ಕ ಬರೆಯುವ ಮನುಷ್ಯನಿಗೆ ಈ ಚಮತ್ಕಾರ ಕೂಡಲೇ ಗೊತ್ತಾಗುತ್ತದೆ. ಆಮೇಲೆ ನೀವು ಬರೆದ ಒಂದು ಅಂಕಿಯನ್ನೂ ಅವರು ನಂಬುವುದಿಲ್ಲ.

ಶೇಕಡಾವಾರನ್ನು ಪೆಟ್ಟಿಗೆಗೆ ಇಳಿಸಿ. ಆರ್ಡರ್‌ನಲ್ಲಿರುವ ಒಂದೊಂದು ಐಟಂ ಒಂದು ಲೈನ್. ದಿನಕ್ಕೆ 600 ಆರ್ಡರ್, ಒಂದೊಂದರಲ್ಲಿ 5 ಲೈನ್ ಎಂದರೆ 3,000 ಲೈನ್. ನಿಖರತೆ ಶೇ 99 ಇದ್ದರೂ 30 ಲೈನ್ ತಪ್ಪು. ಅವು ಅಲ್ಲೊಂದು ಇಲ್ಲೊಂದು ಚದುರಿದ್ದರೆ ಹತ್ತಿರ ಹತ್ತಿರ 30 ಆರ್ಡರ್ ಕೆಟ್ಟ ಹಾಗೆ. ಅಂದರೆ ಗೋದಾಮಿನ ಲೆಕ್ಕದಲ್ಲಿ ಶೇ 99. ಗ್ರಾಹಕರ ಕಡೆಯಿಂದ ನೋಡಿದರೆ 20 ಆರ್ಡರ್‌ಗೆ ಒಂದು ತಪ್ಪು. ಇದನ್ನು ಯಾವ ಮ್ಯಾನೇಜರ್ ಬೇಕಾದರೂ ತಮ್ಮ ಅಂಕಿ ಹಾಕಿ ಕ್ಯಾಲ್ಕುಲೇಟರಿನಲ್ಲಿ ನೋಡಬಹುದು. ಅದಕ್ಕೇ ಇದು ಶೀರ್ಷಿಕೆಗೆ ಯೋಗ್ಯ:

‘ಪಿಕಿಂಗ್ ಶೇ 99 ಸರಿ, ಆದರೂ 20 ಆರ್ಡರ್‌ಗೆ ಒಂದು ತಪ್ಪು: ಎಲ್ಲಿ ಆಗುತ್ತದೆ, ಪತ್ತೆ ಹೇಗೆ’

ಇದರಲ್ಲಿ ನಷ್ಟ ಇದೆ, ಅಳತೆ ಇದೆ, ಒಳಗೆ ಏನು ಸಿಗುತ್ತದೆ ಎಂಬುದೂ ಇದೆ. ಕಂಪನಿಯ ಹೆಸರಿಲ್ಲ, ಸಾಫ್ಟ್‌ವೇರ್ ಎಂಬ ಮಾತೂ ಇಲ್ಲ. ನಿಮ್ಮ ಸೇಲ್ಸ್ ವಿಭಾಗದವರು ಹೆಸರು ಸೇರಿಸಿ ಎಂದು ಖಂಡಿತ ಹಟ ಹಿಡಿಯುತ್ತಾರೆ. ಬಗ್ಗಬೇಡಿ, ಹೆಸರಿಗೆ ಮುಖಪುಟದ ಕೆಳಗೆ ಜಾಗ ಇದ್ದೇ ಇದೆ.

ಇನ್ನು ಮೊದಲ ಸಾಲುಗಳು. ಉದ್ಯಮ ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂದು ಶುರು ಮಾಡಬೇಡಿ, ಅದು ಓದುವವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ನೇರ ರ‍್ಯಾಕಿನ ಹತ್ತಿರ ಕರೆದೊಯ್ಯಿರಿ:

‘ಪಿಕ್ ಲಿಸ್ಟ್‌ನಲ್ಲಿದ್ದದ್ದು 180 ಮಿ.ಲೀ. ಶಾಂಪೂ, ಪೆಟ್ಟಿಗೆಗೆ ಹೋದದ್ದು 200 ಮಿ.ಲೀ. ಎರಡರ ಬಾಟಲಿಗೂ ಅದೇ ಬಣ್ಣ, ಎರಡೂ ಅಕ್ಕಪಕ್ಕದ ಬಿನ್‌ನಲ್ಲಿ. ಪೆಟ್ಟಿಗೆ ಸೀಲ್ ಆಯಿತು, ಲಾರಿ ಹೊರಟಿತು. ವಿಷಯ ತಿಳಿದದ್ದು ಅಂಗಡಿಯವರು ಫೋನ್ ಮಾಡಿದಾಗ. ದಿನಕ್ಕೆ 3,000 ಲೈನ್ ಕಳಿಸುವ ಗೋದಾಮಿನಲ್ಲಿ ಶೇ 1 ತಪ್ಪಾದರೆ ಇಂಥವು 30. ಇವುಗಳಲ್ಲಿ ಬಿನ್ ಬದಲಿಸಿದರೆ ನಿಲ್ಲುವುದು ಯಾವುದು, ಸ್ಕ್ಯಾನ್ ಮಾಡದೆ ನಿಲ್ಲದ್ದು ಯಾವುದು ಎಂದು ಬೇರ್ಪಡಿಸುವ ವಿಧಾನ ಮುಂದಿದೆ.’

ಕೊನೆಯ ವಾಕ್ಯ ಗಮನಿಸಿ. ಕೆಲವು ತಪ್ಪಿಗೆ ಸಾಫ್ಟ್‌ವೇರ್ ಬೇಡ, ಒಂದೇ ಥರ ಕಾಣುವ ಮಾಲನ್ನು ದೂರ ದೂರ ಇಟ್ಟರೆ ಸಾಕು ಎಂದು ಮಾರುವವರೇ ಒಪ್ಪುತ್ತಿದ್ದಾರೆ. ನನ್ನ ಪ್ರಕಾರ ಓದುವವರ ನಂಬಿಕೆ ಹುಟ್ಟುವುದು ಅಲ್ಲಿಯೇ. ಆದರೆ ಮಾತು ಕೊಟ್ಟ ಮೇಲೆ ಒಳಗೆ ಆ ವಿಧಾನ ಇರಲೇಬೇಕು. ಮೂರನೇ ಪುಟದಿಂದ ಬರೀ ಸಾಫ್ಟ್‌ವೇರಿನ ಗುಣಗಾನವಾದರೆ ಮುಂದಿನ ಸಲ ನಿಮ್ಮ ಮೇಲ್ ತೆರೆಯುವವರಿಲ್ಲ.

ಅಚ್ಚಿಗೆ ಕೊಡುವ ಮೊದಲು, ನಿಮ್ಮ ಕಂಪನಿಯವರಲ್ಲದ ಒಬ್ಬ ಮ್ಯಾನೇಜರ್‌ಗೆ ಶೀರ್ಷಿಕೆ ಓದಿ ಹೇಳಿ, ಒಳಗೆ ಏನಿರಬಹುದು ಎಂದು ಕೇಳಿ. ಹೇಳಲಾಗದಿದ್ದರೆ ಬದಲಿಸಿ. ಮೊಬೈಲ್‌ನಲ್ಲಿ ಉದ್ದ ಶೀರ್ಷಿಕೆ ಅರ್ಧಕ್ಕೆ ತುಂಡಾಗುತ್ತದೆ, ಹಾಗಾಗಿ ಅಂಕಿ ಮೊದಲ ಭಾಗದಲ್ಲೇ ಇರಲಿ. ಫೈಲಿಗೆ ‘ಫೈನಲ್-2’ ಎಂದಲ್ಲ, ಶೀರ್ಷಿಕೆಯದೇ ಹೆಸರು ಕೊಡಿ.