ಪ್ರಶ್ನಾವಳಿಯ ವಿಶ್ವಸನೀಯತೆ: ವಾರಾಣಸಿಯ ಕನ್ನಡ ಮನೆಗಳನ್ನು ಮುಂದಿಟ್ಟುಕೊಂಡು ಒಂದು ಪ್ರವೇಶ

ಹೊರನಾಡ ಕನ್ನಡಿಗರ ಭಾಷಾಬಳಕೆಯನ್ನು ಕುರಿತ ಸಂಶೋಧನೆಗಳಲ್ಲಿ ಪ್ರಶ್ನಾವಳಿಯು ಮುಖ್ಯ ಸಾಧನವಾಗಿ ಬಳಕೆಯಾಗುತ್ತ ಬಂದಿದೆ. ಪ್ರಬಂಧದ ಕೊನೆಯಲ್ಲಿ ಪ್ರಶ್ನಾವಳಿಯನ್ನು ಅನುಬಂಧವಾಗಿ ಸೇರಿಸುವ ಪದ್ಧತಿಯೂ ಇದೆ. ಆದರೆ ಅದರಿಂದ ದೊರೆತ ಅಂಕಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಯನ್ನು ಎತ್ತಿಕೊಂಡ ಪ್ರಬಂಧಗಳು ವಿರಳ. ಎತ್ತಿಕೊಂಡಲ್ಲಿಯೂ ‘ಆಲ್ಫಾ 0.8 ಬಂದಿದೆ’ ಎಂಬ ಒಂದು ಸಾಲಿನಲ್ಲಿ ವಿಷಯ ಮುಗಿದುಹೋಗುತ್ತದೆ. ಆ ಒಂದು ಸಾಲು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಅಭ್ಯಾಸಿಗಳಿಗೆ ವಿಶದಪಡಿಸುವುದು ಈ ಲೇಖನದ ಉದ್ದೇಶ.

ವಾರಾಣಸಿಯನ್ನು ನಿದರ್ಶನವಾಗಿ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಅಲ್ಲಿಯ ಕನ್ನಡಿಗರು ಒಂದೇ ಬಗೆಯವರಲ್ಲ. ಕಾಶೀಪೀಠವಾದ ಜಂಗಮವಾಡಿ ಮಠಕ್ಕೆ ಕರ್ನಾಟಕದಿಂದ ಅಧ್ಯಯನಕ್ಕೆಂದು ಬಂದ ವಟುಗಳು ಒಂದು ಕಡೆ. ಹನುಮಾನ್ ಘಾಟ್, ಕರ್ನಾಟಕ ಘಾಟ್‌ಗಳ ಸುತ್ತಿನ ಓಣಿಗಳಲ್ಲಿ ದಕ್ಷಿಣದ ಇತರ ಭಾಷಿಕರ ನಡುವೆ ನೆಲಸಿದ ಪುರೋಹಿತ ಕುಟುಂಬಗಳು ಇನ್ನೊಂದು ಕಡೆ. ಉದ್ಯೋಗ, ವಿದ್ಯಾಭ್ಯಾಸಗಳಿಗಾಗಿ ಬಂದವರು ಮತ್ತೊಂದು ಕಡೆ. ಬೀದಿಯಲ್ಲಿ ಹಿಂದಿ, ಭೋಜಪುರಿ. ಮನೆಯೊಳಗೆ ಎಷ್ಟು ಕನ್ನಡ ಎಂಬುದು ಸಂಶೋಧಕನ ಪ್ರಶ್ನೆ. ‘ಮನೆ’ ಎಂಬ ಸರಳ ಪದವೂ ಇಲ್ಲಿ ತೊಡಕನ್ನು ಒಡ್ಡುತ್ತದೆ. ವಟುವಿಗೆ ಮನೆಯೆಂದರೆ ಮಠವೋ ಕಲಬುರಗಿಯ ಹಳ್ಳಿಯೋ? ಒಬ್ಬನೇ ವ್ಯಕ್ತಿ ಇಂದು ಒಂದರ್ಥದಲ್ಲಿ, ನಾಳೆ ಇನ್ನೊಂದರ್ಥದಲ್ಲಿ ಉತ್ತರಿಸಿದರೆ ಅಂಕ ಬದಲಾಗುತ್ತದೆ, ಭಾಷಾಬಳಕೆ ಬದಲಾಗಿರುವುದಿಲ್ಲ. ಇಂಥ ಆಕಸ್ಮಿಕ ಏರಿಳಿತಗಳಿಂದ ಅಂಕಗಳು ಎಷ್ಟರಮಟ್ಟಿಗೆ ಮುಕ್ತವಾಗಿವೆ ಎಂಬುದೇ ವಿಶ್ವಸನೀಯತೆ.

ನಾಲ್ಕು ಹೇಳಿಕೆಗಳ ಚಿಕ್ಕ ಪ್ರಶ್ನಾವಳಿಯೊಂದನ್ನು ಊಹಿಸಿಕೊಳ್ಳಬಹುದು. ಒಂದು: ಮಕ್ಕಳೊಡನೆ ಕನ್ನಡದಲ್ಲಿ ಮಾತನಾಡುತ್ತೇನೆ. ಎರಡು: ಮನೆಯ ಹಿರಿಯರೊಡನೆ ಕನ್ನಡದಲ್ಲಿ ಮಾತನಾಡುತ್ತೇನೆ. ಮೂರು: ಮನಸ್ಸಿನಲ್ಲಿ ಲೆಕ್ಕ ಹಾಕುವಾಗ ಕನ್ನಡ ಬರುತ್ತದೆ. ನಾಲ್ಕು: ಮನೆಯಲ್ಲಿ ಹಿಂದಿಯೇ ಸಲೀಸು ಎನಿಸುತ್ತದೆ. ಪ್ರತಿಯೊಂದಕ್ಕೂ ‘ಎಂದೂ ಇಲ್ಲ’ ಎಂಬುದಕ್ಕೆ 1 ರಿಂದ ‘ಯಾವಾಗಲೂ’ ಎಂಬುದಕ್ಕೆ 5 ರವರೆಗೆ ಅಂಕ. ನಾಲ್ಕನೆಯದು ವಿರುದ್ಧ ದಿಕ್ಕಿನ ಹೇಳಿಕೆಯಾದುದರಿಂದ ಅದರ ಅಂಕವನ್ನು 6 ರಿಂದ ಕಳೆದು ತಿರುಗಿಸಿಕೊಳ್ಳಬೇಕು. ಐದು ಮನೆಗಳಿಂದ ಒಬ್ಬೊಬ್ಬರು ಉತ್ತರಿಸಿದರೆಂದು ಭಾವಿಸಿದರೆ, ತಿರುಗಿಸಿದ ಬಳಿಕ ಅಂಕಗಳು ಹೀಗಿರಲಿ. ಇವು ಲೆಕ್ಕದ ವಿಧಾನವನ್ನು ತೋರಿಸಲು ಕಲ್ಪಿಸಿದ ಅಂಕಿಗಳೇ ಹೊರತು ಸಮೀಕ್ಷೆಯ ಫಲಿತಾಂಶಗಳಲ್ಲ. ಐದು ಜನರಿಂದ ನಿಜವಾದ ಗುಣಾಂಕವನ್ನು ಯಾರೂ ತೆಗೆಯಕೂಡದು.

| ಮನೆ | 1 | 2 | 3 | 4 | ಒಟ್ಟು |
|---|---|---|---|---|---|
| ಅ | 5 | 4 | 5 | 4 | 18 |
| ಆ | 4 | 4 | 3 | 3 | 14 |
| ಇ | 3 | 2 | 3 | 2 | 10 |
| ಈ | 2 | 3 | 2 | 1 | 8 |
| ಉ | 1 | 1 | 2 | 2 | 6 |

ಮೊದಲ ಮಾರ್ಗ ಪರೀಕ್ಷೆ-ಪುನಃಪರೀಕ್ಷೆಯದು. ಅದೇ ಜನರಿಗೆ ಅದೇ ಪ್ರಶ್ನಾವಳಿಯನ್ನು ಕೆಲವು ವಾರಗಳ ಬಳಿಕ ಮತ್ತೆ ಕೊಟ್ಟು, ಎರಡು ಸಲದ ಒಟ್ಟು ಅಂಕಗಳ ನಡುವಣ ಸಹಸಂಬಂಧ ಗುಣಾಂಕವನ್ನು ಕಂಡುಹಿಡಿಯುವುದು. ಎರಡನೆಯ ಸಲ 17, 15, 9, 9, 6 ಬಂದರೆ ಗುಣಾಂಕ 0.98 ಆಗುತ್ತದೆ. ಮನೆಗಳ ಶ್ರೇಣಿ ಹೆಚ್ಚು ಕಡಿಮೆ ಮೊದಲಿನಂತೆಯೇ ಉಳಿದಿದೆ ಎಂದು ಇದರ ಅರ್ಥ. ನಡುವಣ ಅಂತರವೇ ಇಲ್ಲಿಯ ಸೂಕ್ಷ್ಮ. ಎರಡೇ ದಿನಗಳಲ್ಲಿ ಮರಳಿ ಕೇಳಿದರೆ ಜನ ಉತ್ತರವನ್ನು ನೆನಪಿನಿಂದ ಹೇಳುತ್ತಾರೆ, ಗುಣಾಂಕ ಉಬ್ಬುತ್ತದೆ. ವರ್ಷ ಬಿಟ್ಟು ಕೇಳಿದರೆ ಸೊಸೆ ಬಂದಿರಬಹುದು, ಅಜ್ಜಿ ತೀರಿಕೊಂಡಿರಬಹುದು. ಮನೆಯ ಭಾಷೆಯೇ ಬದಲಾಗಿರುತ್ತದೆ. ಎರಡರಿಂದ ನಾಲ್ಕು ವಾರಗಳ ಅಂತರ ರೂಢಿಯಲ್ಲಿದೆ.

ವಾರಾಣಸಿಯಲ್ಲಿ ಪಂಚಾಂಗವನ್ನೂ ನೋಡಿಕೊಳ್ಳಬೇಕು. ಮೊದಲ ಸುತ್ತು ಮಾಘದ ಸಾಧಾರಣ ದಿನಗಳಲ್ಲಿ, ಎರಡನೆಯದು ಶಿವರಾತ್ರಿಯ ಆಸುಪಾಸಿನಲ್ಲಿ ನಡೆಯಿತೆನ್ನೋಣ. ಕರ್ನಾಟಕದ ಯಾತ್ರಿಕರು ಬಂದಿಳಿದಿರುವಾಗ ಪುರೋಹಿತರ ಮನೆಗಳಲ್ಲಿ ಕನ್ನಡ ಸಹಜವಾಗಿ ಹೆಚ್ಚುತ್ತದೆ. ಐದೂ ಮನೆಗಳ ಅಂಕ ಎರಡೆರಡು ಏರಿ 20, 16, 12, 10, 8 ಆದರೆ ಸಹಸಂಬಂಧ ಗುಣಾಂಕ ಎಷ್ಟು? ಪೂರ್ಣ 1. ಸರಾಸರಿ 11.2 ರಿಂದ 13.2 ಕ್ಕೆ ಜಿಗಿದಿದ್ದರೂ ಗುಣಾಂಕಕ್ಕೆ ಅದರ ಸುಳಿವೇ ಇಲ್ಲ. ಅದು ನೋಡುವುದು ಯಾರು ಯಾರಿಗಿಂತ ಮುಂದೆ, ಎಷ್ಟು ಅಂತರದಲ್ಲಿ ಎಂಬುದನ್ನು ಮಾತ್ರ. ಆದ್ದರಿಂದ ಪುನಃಪರೀಕ್ಷೆಯ ಗುಣಾಂಕದ ಪಕ್ಕದಲ್ಲಿ ಎರಡೂ ಸಲದ ಸರಾಸರಿಗಳನ್ನು ಬರೆಯದ ಪ್ರಬಂಧ ಅರ್ಧ ಮಾಹಿತಿಯನ್ನು ಬಚ್ಚಿಟ್ಟಂತೆಯೇ ಸರಿ. ಏರಿಕೆ ಎಲ್ಲರಲ್ಲೂ ಸಮನಾಗಿರದೆ, ಯಾತ್ರಿಕರು ಇಳಿದುಕೊಳ್ಳುವ ಮನೆಗಳಲ್ಲಿ ಮಾತ್ರ ಆದರೆ ಗುಣಾಂಕ ಕುಸಿಯುತ್ತದೆ. ಆಗ ದೋಷ ಪ್ರಶ್ನಾವಳಿಯದಲ್ಲ, ಬದುಕೇ ಬದಲಾಗಿದೆ.

ದೂರದ ಊರಿಗೆ ಒಮ್ಮೆ ಮಾತ್ರ ಹೋಗಬಲ್ಲ ವಿದ್ಯಾರ್ಥಿಗೆ ಪುನಃಪರೀಕ್ಷೆ ಅಸಾಧ್ಯ. ಅಂಥವರ ನೆರವಿಗೆ ಬರುವುದು ಅರ್ಧವಿಭಜನೆ. ಪ್ರಶ್ನಾವಳಿಯನ್ನು ಒಂದೇ ಸಲ ಕೊಟ್ಟು, ಆಮೇಲೆ ಬೆಸ ಸಂಖ್ಯೆಯ ಹೇಳಿಕೆಗಳನ್ನು ಒಂದು ಅರ್ಧವಾಗಿಯೂ ಸಮಸಂಖ್ಯೆಯವನ್ನು ಇನ್ನೊಂದು ಅರ್ಧವಾಗಿಯೂ ಎಣಿಸಿ ಅವುಗಳ ಸಹಸಂಬಂಧವನ್ನು ನೋಡುವುದು ಇದರ ಕ್ರಮ. ನಮ್ಮ ಕೋಷ್ಟಕದಲ್ಲಿ ಬೆಸದ ಮೊತ್ತಗಳು 10, 7, 6, 4, 3. ಸಮದವು 8, 7, 4, 4, 3. ಸಹಸಂಬಂಧ 0.93. ಆದರೆ ಇದು ಎರಡೇ ಹೇಳಿಕೆಗಳ ಅರ್ಧ ಪ್ರಶ್ನಾವಳಿಯ ವಿಶ್ವಸನೀಯತೆ. ಹೇಳಿಕೆಗಳು ಹೆಚ್ಚಿದಷ್ಟೂ ಆಕಸ್ಮಿಕ ತಪ್ಪುಗಳು ಒಂದನ್ನೊಂದು ಕಳೆದುಕೊಳ್ಳುವುದರಿಂದ ಪೂರ್ಣ ಪ್ರಶ್ನಾವಳಿಯ ಬೆಲೆ ಇದಕ್ಕಿಂತ ಹೆಚ್ಚಿರಬೇಕು. ಈ ತಿದ್ದುಪಡಿಯ ಸೂತ್ರವನ್ನು 1910 ರಲ್ಲಿ ಸ್ಪಿಯರ್‌ಮನ್ ಮತ್ತು ಬ್ರೌನ್ ಇಬ್ಬರೂ ಪ್ರತ್ಯೇಕವಾಗಿ ಪ್ರಕಟಿಸಿದರು. ಅರ್ಧಗಳ ಸಹಸಂಬಂಧ r ಆದರೆ:

```
R = 2r / (1 + r)
```

0.93 ನ್ನು ಇಲ್ಲಿ ಹಾಕಿದರೆ 0.96 ಬರುತ್ತದೆ. ಆದರೆ ಬೆಸ-ಸಮ ಎಂದೇ ಏಕೆ ಒಡೆಯಬೇಕು? ಮೊದಲೆರಡು ಹೇಳಿಕೆಗಳು ಒಂದು ಕಡೆ, ಕೊನೆಯೆರಡು ಒಂದು ಕಡೆ ಎಂದು ಒಡೆದರೆ ಇದೇ ಅಂಕಗಳಿಂದ 0.89 ಸಿಗುತ್ತದೆ. ಒಂದು-ನಾಲ್ಕು, ಎರಡು-ಮೂರು ಎಂದು ಜೋಡಿಸಿದರೆ 0.97. ಜನ ಅವರೇ, ಉತ್ತರ ಅವೇ. ಒಡೆಯುವ ಕೈ ಬದಲಾದರೆ ಗುಣಾಂಕ ಬದಲಾಗುತ್ತದೆ. ನಾಲ್ಕು ಹೇಳಿಕೆಗಳನ್ನು ಸಮನಾಗಿ ಒಡೆಯಲು ಮೂರೇ ದಾರಿಗಳು, ಹತ್ತಾದರೆ 126. ಅವುಗಳಲ್ಲಿ ಹೆಚ್ಚಿನದನ್ನು ಆರಿಸಿ ವರದಿ ಮಾಡುವ ಆಮಿಷವನ್ನು ವಿವರಿಸಿ ಹೇಳಬೇಕಾಗಿಲ್ಲ. ಒಡೆಯುವ ಕ್ರಮವನ್ನು ಉತ್ತರಗಳು ಕೈಸೇರುವ ಮೊದಲೇ ನಿಶ್ಚಯಿಸಿ ಬರೆದಿಡುವುದು ಲೇಸು.

ಈ ತೊಡಕಿನಿಂದ ಬಿಡುಗಡೆ ದೊರೆಯುವುದು ಆಂತರಿಕ ಸ್ಥಿರತೆಯ ಗುಣಾಂಕದಿಂದ. ಸರಿ-ತಪ್ಪು ಎಂಬ ಎರಡೇ ಉತ್ತರಗಳಿರುವ ಪರೀಕ್ಷೆಗಳಿಗೆ 1937 ರಲ್ಲಿ ಕ್ಯೂಡರ್ ಮತ್ತು ರಿಚರ್ಡ್‌ಸನ್ ಒಂದು ಸೂತ್ರವನ್ನು ಕೊಟ್ಟಿದ್ದರು. 1951 ರಲ್ಲಿ ಲೀ ಕ್ರಾನ್‌ಬಾಕ್ ಅದರ ವ್ಯಾಪಕ ರೂಪವನ್ನು ಆಲ್ಫಾ ಎಂಬ ಹೆಸರಿನಲ್ಲಿ ಪ್ರಚುರಪಡಿಸಿದರು. ಇದಕ್ಕೆ ಬೇಕಾದುದು ಅಂಕಗಳ ಚದುರುವಿಕೆ, ಎಂದರೆ ಪ್ರತಿ ಅಂಕವೂ ಸರಾಸರಿಯಿಂದ ಎಷ್ಟು ದೂರವಿದೆಯೋ ಅದರ ವರ್ಗಗಳ ಸರಾಸರಿ. ನಾಲ್ಕು ಹೇಳಿಕೆಗಳ ಚದುರುವಿಕೆಗಳು ಕ್ರಮವಾಗಿ 2.00, 1.36, 1.20, 1.04, ಮೊತ್ತ 5.60. ಒಟ್ಟು ಅಂಕದ ಚದುರುವಿಕೆ 18.56. ಹೇಳಿಕೆಗಳ ಸಂಖ್ಯೆ k, ಅವುಗಳ ಚದುರುವಿಕೆಗಳ ಮೊತ್ತ S, ಒಟ್ಟು ಅಂಕದ ಚದುರುವಿಕೆ T ಆದರೆ:

```
alpha = (k / (k - 1)) * (1 - S / T)
      = (4 / 3) * (1 - 5.60 / 18.56) = 0.93
```

ಸೂತ್ರದ ಹಿಂದಿನ ತರ್ಕ ಸರಳವಾದುದು. ಹೇಳಿಕೆಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದರೆ ಒಟ್ಟಿನ ಚದುರುವಿಕೆಯೂ 5.60 ಆಗಿ, ಆಲ್ಫಾ ಸೊನ್ನೆಯಾಗುತ್ತಿತ್ತು. ಅವು ಒಟ್ಟಿಗೆ ಏರಿ ಒಟ್ಟಿಗೆ ಇಳಿದುದರಿಂದಲೇ ಮೊತ್ತ 18.56 ರವರೆಗೆ ಹರಡಿತು.

ನಾಲ್ಕನೆಯ ಹೇಳಿಕೆಯನ್ನು ತಿರುಗಿಸಲು ಮರೆತರೆ ಏನಾಗುತ್ತದೆ ಎಂಬುದನ್ನು ಅಭ್ಯಾಸಿಗಳು ಕೈಯಾರೆ ಮಾಡಿ ನೋಡಬೇಕು. ಆ ಸಾಲು 2, 3, 4, 5, 4 ಎಂದು ಉಳಿಯುತ್ತದೆ. ಒಟ್ಟು ಅಂಕಗಳು 16, 14, 12, 12, 8 ಆಗುತ್ತವೆ. ಹೇಳಿಕೆಗಳ ಚದುರುವಿಕೆಯ ಮೊತ್ತ ಅದೇ 5.60, ಆದರೆ ಒಟ್ಟಿನದು 7.04 ಕ್ಕೆ ಕುಗ್ಗಿ, ಆಲ್ಫಾ 0.27 ಕ್ಕೆ ಬೀಳುತ್ತದೆ. ಗುಣಾಂಕ ಅನಿರೀಕ್ಷಿತವಾಗಿ ತೀರ ಕಡಿಮೆ ಬಂದಾಗ ಪ್ರಶ್ನಾವಳಿಯನ್ನು ಹರಿದುಹಾಕುವ ಮೊದಲು ಪ್ರತಿ ಹೇಳಿಕೆಗೂ ಉಳಿದ ಹೇಳಿಕೆಗಳ ಮೊತ್ತಕ್ಕೂ ಇರುವ ಸಹಸಂಬಂಧವನ್ನು ನೋಡಬೇಕು. ಅದು ಋಣಾತ್ಮಕವಾಗಿ ಬಂದ ಹೇಳಿಕೆ ತಿರುಗಿಸಲು ಮರೆತದ್ದಿರಬಹುದು, ಇಲ್ಲವೆ ಉತ್ತರಿಸಿದವರು ಅದರ ನಿಷೇಧಾರ್ಥವನ್ನು ಗಮನಿಸದೆ ಓದಿರಬಹುದು.

ಆಲ್ಫಾವನ್ನು ಮೋಸದಿಂದ ಏರಿಸುವುದೂ ಕಷ್ಟವಲ್ಲ. ‘ಮಕ್ಕಳೊಡನೆ ಕನ್ನಡದಲ್ಲಿ ಮಾತನಾಡುತ್ತೇನೆ’, ‘ಮಕ್ಕಳ ಜೊತೆ ಕನ್ನಡ ಬಳಸುತ್ತೇನೆ’, ‘ಮಕ್ಕಳನ್ನು ಕನ್ನಡದಲ್ಲಿ ಮಾತನಾಡಿಸುತ್ತೇನೆ’ ಎಂದು ಒಂದೇ ಮಾತನ್ನು ಮೂರು ಬಗೆಯಲ್ಲಿ ಕೇಳಿದರೆ ಸಾಕು. ಗುಣಾಂಕ 0.95 ನ್ನು ದಾಟಿದಾಗ ಸಂತೋಷಕ್ಕಿಂತ ಅನುಮಾನವೇ ಉಚಿತ. ಆಲ್ಫಾ ಒಂದೇ ಕೂರಿಕೆಯ ಉತ್ತರಗಳ ಹೊಂದಾಣಿಕೆಯನ್ನಷ್ಟೇ ಬಲ್ಲದು. ಮುಂದಿನ ತಿಂಗಳು ಅದೇ ಉತ್ತರ ಬರುವುದೇ ಎಂಬುದು ಪುನಃಪರೀಕ್ಷೆಗೆ ಬಿಟ್ಟ ವಿಷಯ. ಇನ್ನು ಕರ್ನಾಟಕದಿಂದ ಬಂದ ಕನ್ನಡ ಅಧ್ಯಾಪಕರೊಬ್ಬರು ಎದುರಿಗೆ ಕುಳಿತು ಕೇಳುವಾಗ ಮನೆಯವರು ಸೌಜನ್ಯಕ್ಕಾಗಿ ಎಲ್ಲಕ್ಕೂ ಒಂದಂಕ ಹೆಚ್ಚಿಸಿ ಹೇಳಿದರೆ, ಮೂರು ಗುಣಾಂಕಗಳೂ ಅದನ್ನು ಹಿಡಿಯಲಾರವು. ಅದು ಸಿಂಧುತ್ವದ ಪ್ರಶ್ನೆ. ಅದಕ್ಕೆ ಮನೆಯೊಳಗಿನ ಮಾತನ್ನು ಕಿವಿಯಾರೆ ಕೇಳುವುದಲ್ಲದೆ ಅನ್ಯ ಉಪಾಯವಿಲ್ಲ.

ವಿಶ್ವಸನೀಯತೆ ಪ್ರಶ್ನಾವಳಿಗೆ ಅಂಟಿಕೊಂಡ ಗುಣವೆಂಬ ತಪ್ಪು ಕಲ್ಪನೆಯೂ ವ್ಯಾಪಕವಾಗಿದೆ. ಅದು ಒಂದು ಸಮುದಾಯದಿಂದ ದೊರೆತ ಅಂಕಗಳ ಗುಣ. ಮೇಲಿನ ಪ್ರಶ್ನಾವಳಿಯ ಭಾಷೆಯನ್ನು ಅಲ್ಪಸ್ವಲ್ಪ ಹೊಂದಿಸಿ ಇತ್ತೀಚೆಗಷ್ಟೇ ಬಂದ ವಟುಗಳಿಗೆ ಮಾತ್ರ ಕೊಟ್ಟರೆ ಬಹುತೇಕ ಎಲ್ಲರೂ 4, 5 ಎಂದೇ ಬರೆಯುತ್ತಾರೆ. ಅವರವರ ನಡುವೆ ನಿಜವಾದ ಅಂತರವೇ ಕಡಿಮೆಯಾದುದರಿಂದ ಸಣ್ಣ ತಪ್ಪುಗಳೇ ದೊಡ್ಡದಾಗಿ ಕಂಡು ಆಲ್ಫಾ ಇಳಿಯುತ್ತದೆ. ವಟುಗಳನ್ನೂ ಮೂರನೆಯ ತಲೆಮಾರಿನ ಕುಟುಂಬಗಳನ್ನೂ ಬೆರೆಸಿದರೆ ಅದೇ ಗುಣಾಂಕ ಏರುತ್ತದೆ. ಆದ್ದರಿಂದ ಮುಂಬಯಿಯಲ್ಲೋ ಕಾಸರಗೋಡಿನಲ್ಲೋ ಬಂದ ಗುಣಾಂಕವನ್ನು ವಾರಾಣಸಿಯ ಅಧ್ಯಯನಕ್ಕೆ ಎರವಲು ತರುವುದು ಸಲ್ಲದು.

ಗುಣಾಂಕದಿಂದ ಮಾಡಬಹುದಾದ ನಿಜವಾದ ಕೆಲಸವೊಂದಿದೆ; ಅದನ್ನು ಮಾಡುವವರು ಕಡಿಮೆ. ಒಟ್ಟು ಅಂಕದ ಮಾನಕ ವಿಚಲನೆ, ಎಂದರೆ 18.56 ರ ವರ್ಗಮೂಲ, 4.31. ಇದನ್ನು 1 ರಿಂದ ಆಲ್ಫಾವನ್ನು ಕಳೆದ ಶೇಷದ ವರ್ಗಮೂಲದಿಂದ ಗುಣಿಸಿದರೆ 1.13 ಬರುತ್ತದೆ. ಒಬ್ಬರ ಅಂಕದಲ್ಲಿ ಸಾಮಾನ್ಯವಾಗಿ ನಿರೀಕ್ಷಿಸಬೇಕಾದ ದೋಷದ ಅಳತೆ ಇದು. ಇಬ್ಬರ ಅಂಕಗಳನ್ನು ಹೋಲಿಸುವಾಗ ಇಬ್ಬರ ದೋಷವೂ ಸೇರಿ ಅದು 1.6 ಆಗುತ್ತದೆ, ಅಂತರ ನಂಬಲರ್ಹವಾಗಬೇಕಾದರೆ ಅದರ ಸುಮಾರು ಎರಡರಷ್ಟು, ಎಂದರೆ ಮೂರಂಕಕ್ಕೂ ಮೀರಿರಬೇಕು. ‘ಇ’ ಮನೆಗೆ 10, ‘ಈ’ ಮನೆಗೆ 8. ಆಲ್ಫಾ 0.93 ಇದ್ದರೂ ‘ಇ’ ಮನೆಯಲ್ಲಿ ಕನ್ನಡ ಹೆಚ್ಚು ಉಳಿದಿದೆ ಎಂದು ಬರೆಯಲು ಸಂಶೋಧಕನಿಗೆ ಆಧಾರವಿಲ್ಲ. ‘ಆ’ ಮನೆಯ 14 ಕ್ಕೂ ‘ಈ’ ಮನೆಯ 8 ಕ್ಕೂ ನಡುವೆ ಅಂಥ ಮಾತನ್ನು ಹೇಳಬಹುದು.